ಸಾರಾಂಶ ಎಲ್ಲಿ ಕೆಟ್ಟಿದೆ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಕಾಸರಗೋಡಿನಲ್ಲಿ ಕನ್ನಡ ಕಲಿಸುತ್ತ ಬಂದಿರುವ ನನ್ನ ಮೇಜಿನ ಮೇಲೆ ಪ್ರತಿ ವರ್ಷ ನೂರಾರು ಸಾರಾಂಶಗಳು ಬಂದು ಬೀಳುತ್ತವೆ. ಅವುಗಳಲ್ಲಿ ಎರಡು ಬಗೆಯ ದೋಷ ಕಾಣುತ್ತದೆ. ಒಂದು, ಮೂಲ ಲೇಖನದ ವಾಕ್ಯಗಳನ್ನೇ ಎತ್ತಿ ಇಡುವುದು. ಇನ್ನೊಂದು, ಲೇಖಕರು ಹೇಳದೇ ಇದ್ದುದನ್ನು ಅವರ ಬಾಯಲ್ಲಿ ಹೇಳಿಸುವುದು. ನಾವು ಅಧ್ಯಾಪಕರು ಮೊದಲನೆಯದರ ಬಗ್ಗೆ ಮಾತ್ರ ಎಚ್ಚರಿಸುತ್ತೇವೆ. ‘ನಿಮ್ಮ ಸ್ವಂತ ವಾಕ್ಯದಲ್ಲಿ ಬರೆಯಿರಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ವಿದ್ಯಾರ್ಥಿ ಆ ಹೆದರಿಕೆಯಲ್ಲಿ ಕಂಡಕಂಡ ಪದ ಬದಲಿಸುತ್ತಾನೆ, ಬದಲಿಸುವಾಗ ಅರ್ಥವೂ ಬದಲಾಗುತ್ತದೆ. ನಕಲಿನಿಂದ ಓಡಿ ತಿರುಚುವಿಕೆಗೆ ಬಿದ್ದ ಸಾರಾಂಶಗಳೇ ನನಗೆ ಹೆಚ್ಚು ಸಿಕ್ಕಿವೆ. ಆದ್ದರಿಂದ ಈ ಕೈಪಿಡಿಯಲ್ಲಿ ಎರಡನ್ನೂ ಒಟ್ಟಿಗೆ ನೋಡುತ್ತೇನೆ.

ಉದಾಹರಣೆಗೆ ನಮ್ಮ ಕಡೆಯ ಸುರಂಗಗಳ ಮೇಲೆ ಒಂದು ತುಣುಕನ್ನು ಅಭ್ಯಾಸಕ್ಕಾಗಿ ನಾನೇ ಬರೆದಿದ್ದೇನೆ. ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆಯೇ ನಡೆಯುತ್ತವೆ. ಮೊದಲು ನಿಧಾನವಾಗಿ ಒಮ್ಮೆ ಓದಿಕೊಳ್ಳಿ.

> ಕಾಸರಗೋಡಿನ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು ಮಾಡಿದ ಸುರಂಗಗಳಿವೆ. ಮಳೆಗಾಲದಲ್ಲಿ ಇಂಗಿದ ನೀರು ಕಲ್ಲಿನ ಸಂದುಗಳಿಂದ ಒಸರಿ, ಇಳಿಜಾರಿನಲ್ಲಿ ತಾನಾಗಿ ಹೊರಕ್ಕೆ ಹರಿದು, ಸುರಂಗದ ಬಾಯಿಯ ಬಳಿಯ ಸಣ್ಣ ಕೆರೆಯಲ್ಲಿ ನಿಲ್ಲುತ್ತದೆ. ಪಂಪು ಬೇಡ, ವಿದ್ಯುತ್ತು ಬೇಡ. ಕೊಳವೆ ಬಾವಿಗಳು ಹೆಚ್ಚಿದ ಮೇಲೆ ಕೆಲವು ಸುರಂಗಗಳಲ್ಲಿ ಬೇಸಿಗೆಯ ನೀರು ಕಡಿಮೆಯಾಗಿದೆ ಎಂದು ಹಿರಿಯ ಕೃಷಿಕರು ಹೇಳುತ್ತಾರೆ. ಕೊಳವೆ ಬಾವಿಗಳೂ ಇದಕ್ಕೆ ಒಂದು ಕಾರಣವಾಗಿರಬಹುದು. ಆದರೆ ಗುಡ್ಡದ ಮೇಲಿನ ಮರಗಳು ಹೋದದ್ದು, ಕಲ್ಲುಕೋರೆಗಳು ತೆರೆದದ್ದು ಕೂಡ ಇದೇ ಅವಧಿಯಲ್ಲಿ. ವರ್ಷದಿಂದ ವರ್ಷಕ್ಕೆ ನೀರಿನ ಅಳತೆ ಬರೆದಿಟ್ಟವರು ಕಡಿಮೆ. ಹಾಗಾಗಿ ಯಾವುದರ ಪಾಲು ಎಷ್ಟು ಎಂದು ಈಗ ಹೇಳಲಾಗದು. ಮೊದಲು ಆಗಬೇಕಾದದ್ದು ಅಳತೆ. ಸುರಂಗದ ಬಾಯಲ್ಲಿ ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕೆಂದು ತಿಂಗಳಿಗೊಮ್ಮೆ ಬರೆದಿಟ್ಟರೂ ಸಾಕು.

## ಲಕ್ಷಣ: ಲೇಖನ ಕಣ್ಣೆದುರು ಇಲ್ಲದಿದ್ದರೆ ಒಂದು ವಾಕ್ಯವೂ ಬರುವುದಿಲ್ಲ

ಮೊದಲು ಮಾಡಬೇಕಾದ ಪರೀಕ್ಷೆ ಇದು. ಎರಡೇ ನಿಮಿಷ ಸಾಕು. ಲೇಖನವನ್ನು ಮಗುಚಿಡಿ. ಮನೆಯಲ್ಲಿ ಯಾರಾದರೂ ‘ಏನು ಓದಿದೆ?’ ಎಂದು ಕೇಳಿದರೆ ಹೇಗೆ ಹೇಳುವಿರೋ ಹಾಗೆ ಎರಡು ವಾಕ್ಯ ಬಾಯಿಬಿಟ್ಟು ಹೇಳಿ. ಮನಸ್ಸಿನೊಳಗೆ ಹೇಳಿಕೊಂಡರೆ ಆಗದು. ಮನಸ್ಸು ಅರ್ಧ ವಾಕ್ಯಕ್ಕೇ ತೃಪ್ತವಾಗಿಬಿಡುತ್ತದೆ.

‘ಸುರಂಗಗಳ ಬಗ್ಗೆ ಬರೆದಿದ್ದಾರೆ’ ಎಂಬಲ್ಲಿಗೆ ಮಾತು ನಿಂತರೆ ವಿಷಯ ತಿಳಿದಿದೆ, ವಾದ ತಿಳಿದಿಲ್ಲ ಎಂದು ಅರ್ಥ. ‘ಸುರಂಗದ ನೀರು ಯಾಕೆ ಇಳಿಯಿತು ಎಂದು ವಾದಿಸುವ ಮೊದಲು ಅಳೆಯಿರಿ ಎನ್ನುತ್ತಾರೆ’ ಎಂದು ಬಾಯಿಗೆ ಬಂದರೆ ವಾದ ಕೈಗೆ ಸಿಕ್ಕಿದೆ. ಏನೂ ಬಾರದಿದ್ದರೆ ದೋಷ ಇರುವುದು ಓದಿನಲ್ಲಿ, ಬರವಣಿಗೆಯಲ್ಲಲ್ಲ. ಆ ಸ್ಥಿತಿಯಲ್ಲಿ ಪೆನ್ನು ಹಿಡಿದವರು ಮೂಲದ ವಾಕ್ಯಗಳನ್ನು ಎತ್ತಲೇಬೇಕಾಗುತ್ತದೆ, ಬೇರೆ ದಾರಿ ಅವರಿಗಿಲ್ಲ. ಇನ್ನೊಮ್ಮೆ ಓದಿ, ಪ್ರತಿ ಪ್ಯಾರಾದ ಬದಿಯಲ್ಲಿ ‘ಇಲ್ಲಿ ಲೇಖಕರು ಏನು ಮಾಡುತ್ತಿದ್ದಾರೆ’ ಎಂದು ಎರಡು ಪದದಲ್ಲಿ ಗುರುತಿಸಿ: ವಿವರಣೆ, ಇತರರ ಮಾತು, ಊಹೆ, ಆಕ್ಷೇಪ, ಸಲಹೆ. ನಮ್ಮ ತುಣುಕಿನಲ್ಲಿ ಈ ಐದೂ ಇವೆ. ಈ ಗುರುತುಗಳು ಮುಂದೆಯೂ ಬೇಕಾಗುತ್ತವೆ, ಅಳಿಸಬೇಡಿ.

## ಲಕ್ಷಣ: ಓದಿದವರು ‘ಇದನ್ನು ಎಲ್ಲೋ ನೋಡಿದ್ದೇನೆ’ ಎನ್ನುತ್ತಾರೆ

ಸಾರಾಂಶವನ್ನೂ ಮೂಲವನ್ನೂ ಅಕ್ಕಪಕ್ಕ ಇಟ್ಟುಕೊಂಡು, ಎರಡರಲ್ಲೂ ಒಂದೇ ಸಾಲಿನಲ್ಲಿ ಬಂದ ಪದಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ‘ಸುರಂಗ’, ‘ಮುರಕಲ್ಲು’, ‘ಕೊಳವೆ ಬಾವಿ’ ಹೀಗೆ ಬಿಡಿಬಿಡಿಯಾಗಿ ಗೆರೆ ಬಿದ್ದರೆ ತೊಂದರೆ ಇಲ್ಲ. ಅವು ವಸ್ತುಗಳ ಹೆಸರು, ಯಾರ ಸೊತ್ತೂ ಅಲ್ಲ. ‘ಕಲ್ಲಿನ ಸಂದುಗಳಿಂದ ಒಸರಿ ಇಳಿಜಾರಿನಲ್ಲಿ ತಾನಾಗಿ ಹೊರಕ್ಕೆ ಹರಿದು’ ಎಂದು ಉದ್ದಕ್ಕೆ ಗೆರೆ ಹರಿದರೆ ಅದು ಎತ್ತಿಟ್ಟ ವಾಕ್ಯ. ನಡುನಡುವೆ ಪದ ಬಿಟ್ಟು ಮೂಲವನ್ನು ಗಿಡ್ಡ ಮಾಡಿದ್ದರೂ ಅಷ್ಟೇ. ಶಾಲೆಯಲ್ಲಿ ‘ಸಂಕ್ಷೇಪ ಲೇಖನ’ ಎಂದು ಮೂರರಲ್ಲಿ ಒಂದು ಭಾಗಕ್ಕೆ ಇಳಿಸಲು ಕಲಿತವರಿಗೆ ಈ ರೂಢಿ ಗಟ್ಟಿಯಾಗಿ ಅಂಟಿರುತ್ತದೆ. ಅವರು ಲೇಖನವನ್ನು ಸವರುತ್ತಾರೆ, ಮರಳಿ ಹೇಳುವುದಿಲ್ಲ.

ಇದಕ್ಕೆ ಸುಲಭದ ಪರಿಹಾರವಿದೆ. ಗೆರೆ ಬಿದ್ದ ವಾಕ್ಯವನ್ನು ತಿದ್ದಲು ಹೋಗಬೇಡಿ, ಹೊಡೆದು ಹಾಕಿ. ಲೇಖನವನ್ನು ಮಗುಚಿಡಿ, ಬದಿಯ ಗುರುತುಗಳನ್ನು ಮಾತ್ರ ನೋಡಿಕೊಂಡು ಹೊಸದಾಗಿ ಬರೆಯಿರಿ. ತಿದ್ದಲು ಕೂತರೆ ಮುಂದಿನ ವಿಭಾಗದ ರೋಗ ಹತ್ತಿಕೊಳ್ಳುತ್ತದೆ.

ಮೂಲದ ಯಾವುದೋ ಒಂದು ಮಾತು ಅದೇ ರೂಪದಲ್ಲಿ ಇದ್ದರೇ ಚೆನ್ನ ಎನಿಸಿದರೆ ಉದ್ಧರಣ ಚಿಹ್ನೆಯೊಳಗಿಟ್ಟು ಯಾರದೆಂದು ಹೇಳಿ ಬಳಸಬಹುದು. ಆದರೆ ಟಿಪ್ಪಣಿ ಮಾಡುವಾಗಲೇ ಆ ಚಿಹ್ನೆ ಬೀಳಬೇಕು. ಚಿಹ್ನೆ ಇಲ್ಲದೆ ಪುಸ್ತಕದಲ್ಲಿ ಬರೆದುಕೊಂಡ ಸಾಲು ಹದಿನೈದು ದಿನ ಕಳೆದ ಮೇಲೆ ನಮ್ಮದೇ ವಾಕ್ಯದಂತೆ ಕಾಣುತ್ತದೆ. ಕಳ್ಳತನದ ಉದ್ದೇಶ ಎಳ್ಳಷ್ಟೂ ಇಲ್ಲದವರು ನಕಲಿನ ಆರೋಪಕ್ಕೆ ಸಿಕ್ಕಿಬೀಳುವುದು ಹೀಗೆಯೇ.

ಸಂಶೋಧನ ವಿದ್ಯಾರ್ಥಿಗಳಿಗೆ ಒಂದು ಮಾತು. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಗಳು ಪ್ರಬಂಧದ ಸಾರಲೇಖ, ಫಲಿತಾಂಶ, ತೀರ್ಮಾನ ಮುಂತಾದ ಭಾಗಗಳು ಸ್ವಂತದ್ದಾಗಿರಬೇಕು ಎನ್ನುತ್ತವೆ. ಸಾಮಾನ್ಯ ತಿಳಿವಳಿಕೆಯ ಮಾತು, ಕಾಕತಾಳೀಯವಾಗಿ ಕೂಡಿಬಂದ ಪದಗಳು ಸತತ 14ರವರೆಗೆ ಹೋಲಿದರೆ ಲೆಕ್ಕಕ್ಕಿಲ್ಲ ಎಂದೂ ಅಲ್ಲಿದೆ. ಇದನ್ನು ‘14 ಪದ ಎತ್ತಬಹುದು’ ಎಂದು ಓದಿಕೊಂಡವರನ್ನು ಕಂಡಿದ್ದೇನೆ. ಹಾಗಲ್ಲ. ಕನ್ನಡದಲ್ಲಿ 14 ಪದವೆಂದರೆ ಒಂದು ಪೂರ್ಣ ವಾಕ್ಯ, ಒಮ್ಮೊಮ್ಮೆ ಎರಡು. ಇಂಗ್ಲಿಷಿನಲ್ಲಿ ನಾಲ್ಕು ಪದ ಬೇಕಾದಲ್ಲಿ ನಾವು ವಿಭಕ್ತಿ ಹಚ್ಚಿ ಎರಡರಲ್ಲಿ ಮುಗಿಸುತ್ತೇವೆ.

## ಲಕ್ಷಣ: ಪದಗಳೆಲ್ಲ ಬೇರೆ, ಆದರೂ ಓದು ಎಡವುತ್ತದೆ

ತರಗತಿಯಲ್ಲಿ ಮತ್ತೆ ಮತ್ತೆ ಕಾಣುವ ರೂಪ ಹೀಗಿರುತ್ತದೆ:

> ಕಾಸರಗೋಡಿನ ಬೆಟ್ಟಗಳಲ್ಲಿ ಕೆಂಪು ಮಣ್ಣನ್ನು ಸಮತಲವಾಗಿ ತೋಡಿ ನಿರ್ಮಿಸಿದ ಗುಹೆಗಳಿವೆ. ವರ್ಷಾಕಾಲದಲ್ಲಿ ಹೀರಲ್ಪಟ್ಟ ಜಲವು ಶಿಲೆಯ ಬಿರುಕುಗಳಿಂದ ಸ್ರವಿಸಿ, ಇಳಿಜಾರಿನಲ್ಲಿ ಸ್ವಯಂ ಬಾಹ್ಯಕ್ಕೆ ಪ್ರವಹಿಸಿ, ಗುಹೆಯ ದ್ವಾರದ ಸಮೀಪದ ಕಿರು ಸರೋವರದಲ್ಲಿ ಸಂಗ್ರಹವಾಗುತ್ತದೆ.

ಗೆರೆ ಎಳೆಯುವ ಪರೀಕ್ಷೆಯಲ್ಲಿ ಇದು ಪಾಸಾಗುತ್ತದೆ. ಹಾಗಿದ್ದೂ ಇದು ನಕಲೇ. ವಾಕ್ಯದ ಎಲುಬು ಮೂಲದ್ದು, ಮೇಲಿನ ಚರ್ಮ ಮಾತ್ರ ಬದಲು. ಅಮೆರಿಕದ ಬರವಣಿಗೆಯ ಅಧ್ಯಾಪಕಿ ರೆಬೆಕಾ ಮೂರ್ ಹೋವರ್ಡ್ 1990ರ ದಶಕದಲ್ಲಿ ಇಂಥ ಬರಹಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಅದನ್ನು ‘ತೇಪೆ ಬರಹ’ ಎನ್ನಬಹುದು. ಇದು ಎಷ್ಟೋ ಬಾರಿ ಮೋಸವಲ್ಲ, ಅರ್ಥವಾಗದ ಪಠ್ಯದೊಂದಿಗೆ ಹೆಣಗುತ್ತಿರುವವರ ಕಲಿಕೆಯ ಒಂದು ಹಂತ ಎಂಬುದು ಅವರ ನಿಲುವು. ನನ್ನ ಅನುಭವವೂ ಅದೇ. ಹೀಗೆ ಬರೆದ ಮಗುವನ್ನು ಗದರಿಸುವುದಕ್ಕಿಂತ ಲೇಖನದ ಯಾವ ಜಾಗ ಅರ್ಥವಾಗಲಿಲ್ಲ ಎಂದು ಕೇಳುವುದು ಒಳ್ಳೆಯದು.

ತೇಪೆಯ ಇನ್ನೊಂದು ಅಪಾಯವನ್ನು ಗಮನಿಸಿ. ಮುರಕಲ್ಲು ‘ಕೆಂಪು ಮಣ್ಣು’ ಆಗಿದೆ. ಮುರಕಲ್ಲು ಮಣ್ಣಲ್ಲ, ನಾವು ಕಡಿದು ಗೋಡೆ ಕಟ್ಟುವ ಕಲ್ಲು. ಮಣ್ಣಿನಲ್ಲಿ ಅಷ್ಟುದ್ದ ಕೊರೆದರೆ ಮೇಲಿನದು ಕುಸಿದು ಬೀಳುತ್ತದೆ. ‘ಸುರಂಗ’ ‘ಗುಹೆ’ ಆದಾಗ ಮನುಷ್ಯರ ಶ್ರಮವೇ ಮಾಯವಾಯಿತು. ಹೆಸರುಪದಗಳನ್ನು ಬದಲಿಸಬಾರದು ಎನ್ನುವುದು ಇದಕ್ಕೇ. ಬದಲಾಗಬೇಕಾದದ್ದು ವಾಕ್ಯದ ಕಟ್ಟು.

ತೇಪೆ ಹೌದೋ ಅಲ್ಲವೋ ಎಂದು ತಿಳಿಯಲು ನಿಮ್ಮ ವಾಕ್ಯಗಳಿಗೂ ಮೂಲದ ವಾಕ್ಯಗಳಿಗೂ ಅಂಕಿ ಹಾಕಿ. ನಿಮ್ಮ ಒಂದನೆಯದು ಅವರ ಒಂದನೆಯದು, ನಿಮ್ಮ ಎರಡನೆಯದು ಅವರ ಎರಡನೆಯದು ಎಂದು ಕೊನೆಯವರೆಗೂ ಜೋಡಿ ಸಿಕ್ಕಿದರೆ ಅದು ತೇಪೆ. ಸರಿಯಾದ ಸಾರಾಂಶದಲ್ಲಿ ಒಂದು ವಾಕ್ಯಕ್ಕೆ ಮೂಲದ ಮೂರೋ ನಾಲ್ಕೋ ವಾಕ್ಯಗಳು ಬಂದು ಸೇರಿರುತ್ತವೆ, ಕೆಲವಕ್ಕೆ ಜೋಡಿಯೇ ಇರುವುದಿಲ್ಲ. ನಮ್ಮ ತುಣುಕಿನ ಕೊನೆಯ ಮಾತು ಸಾರಾಂಶದ ಮೊದಲ ಮಾತಾಗಬಹುದು. ಲೇಖಕರ ಮುಖ್ಯ ವಾದ ಅಲ್ಲಿಯೇ ಇದೆ.

## ಲಕ್ಷಣ: ಸಾರಾಂಶದ ದನಿ ಮೂಲಕ್ಕಿಂತ ಜೋರಾಗಿದೆ

ಇದು ಎಲ್ಲಕ್ಕಿಂತ ಕಷ್ಟದ ದೋಷ. ಬರೆದವರಿಗೆ ಕಾಣುವುದಿಲ್ಲ, ಮೂಲ ಓದದ ಓದುಗರಿಗೂ ಕಾಣುವುದಿಲ್ಲ. ಒಂದು ಮಾದರಿ:

> ಕೊಳವೆ ಬಾವಿಗಳಿಂದಾಗಿ ಕಾಸರಗೋಡಿನ ಸುರಂಗಗಳು ಬತ್ತುತ್ತಿವೆ. ಇವುಗಳ ರಕ್ಷಣೆಗೆ ಕ್ರಮ ಕೈಗೊಳ್ಳಬೇಕೆಂದು ಲೇಖಕರು ಒತ್ತಾಯಿಸುತ್ತಾರೆ.

ಭಾಷೆ ಚೊಕ್ಕವಾಗಿದೆ, ಮೂಲದ ಒಂದು ವಾಕ್ಯವೂ ಇಲ್ಲ. ಹೆಚ್ಚಿನ ಪರೀಕ್ಷಕರು ಹತ್ತಕ್ಕೆ ಎಂಟು ಕೊಟ್ಟಾರು. ಆದರೆ ಇದರಲ್ಲಿ ಒಂದು ಹೇಳಿಕೆಯೂ ಲೇಖಕರದ್ದಲ್ಲ. ಎಲ್ಲಿ ತಪ್ಪಿತೆಂದು ಒಂದೊಂದಾಗಿ ನೋಡೋಣ.

ಮೂಲದಲ್ಲಿ ‘ಕೆಲವು ಸುರಂಗಗಳಲ್ಲಿ’ ಎಂದಿತ್ತು, ಇಲ್ಲಿ ‘ಕಾಸರಗೋಡಿನ ಸುರಂಗಗಳು’ ಎಂದಾಗಿದೆ. ‘ಕೆಲವು’ ಎಂಬ ಒಂದು ಪದ ಬಿದ್ದದ್ದಕ್ಕೆ ಮಾತು ಜಿಲ್ಲೆಯ ಅಷ್ಟೂ ಸುರಂಗಗಳಿಗೆ ಹಬ್ಬಿತು. ಮೂಲದಲ್ಲಿ ‘ಬೇಸಿಗೆಯ ನೀರು ಕಡಿಮೆಯಾಗಿದೆ’, ಇಲ್ಲಿ ‘ಬತ್ತುತ್ತಿವೆ’. ಮೂಲದಲ್ಲಿ ಇದು ಹಿರಿಯ ಕೃಷಿಕರ ಮಾತು, ಇಲ್ಲಿ ಯಾರ ಮಾತೂ ಅಲ್ಲದೆ ನೇರ ಸತ್ಯವಾಗಿ ನಿಂತಿದೆ. ‘ಕಾರಣವಾಗಿರಬಹುದು’ ಎಂಬ ಊಹೆ ‘ಇಂದಾಗಿ’ ಎಂಬ ತೀರ್ಪಾಗಿದೆ. ಎರಡನೆಯ ವಾಕ್ಯವಂತೂ ಪೂರ್ತಿ ಬರೆದವರದ್ದೇ. ಲೇಖಕರು ಕೇಳಿದ್ದು ಅಳತೆಯನ್ನು, ರಕ್ಷಣೆಯನ್ನಲ್ಲ.

ಇದು ಕನ್ನಡದಲ್ಲಿ ಯಾಕಿಷ್ಟು ಸುಲಭವಾಗಿ ಆಗುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ನಮ್ಮ ವಾಕ್ಯದಲ್ಲಿ ಖಚಿತತೆಯ ಅಳತೆ ಇರುವುದು ಬಾಲದಲ್ಲಿ. ‘ನೀರು ಕಡಿಮೆಯಾಗಿದೆ’ ಎಂಬ ಒಡಲು ಹಾಗೆಯೇ ಇರುತ್ತದೆ. ಅದರ ಹಿಂದೆ ‘ಎಂದು ಹೇಳುತ್ತಾರೆ’, ‘ಎನ್ನಲಾಗಿದೆ’, ‘ಎಂದು ತೋರುತ್ತದೆ’ ಬಂದು ಕೂಡುತ್ತವೆ, ಕ್ರಿಯಾಪದಕ್ಕೆ ‘ಬಹುದು’, ‘ಇರಬೇಕು’ ಅಂಟಿಕೊಳ್ಳುತ್ತವೆ. ಗಿಡ್ಡ ಮಾಡಲು ಹೊರಟವರ ಕತ್ತರಿ ಮೊದಲು ಬೀಳುವುದು ಈ ಬಾಲದ ಮೇಲೆ. ಬಾಲ ಹೋದ ವಾಕ್ಯ ವ್ಯಾಕರಣಕ್ಕೆ ಪೂರ್ತಿ ಸರಿಯಾಗಿಯೇ ಇರುತ್ತದೆ, ಗಾಯ ಕಾಣುವುದೇ ಇಲ್ಲ.

ಬಾಲಕ್ಕಿಂತಲೂ ಸಣ್ಣದು ಒಂದೇ ಅಕ್ಷರದ ಅವಧಾರಣೆ. ಈ ಮೂರನ್ನು ಓದಿ ನೋಡಿ:

ಕೊಳವೆ ಬಾವಿಗಳೂ ಕಾರಣ.
ಕೊಳವೆ ಬಾವಿಗಳು ಕಾರಣ.
ಕೊಳವೆ ಬಾವಿಗಳೇ ಕಾರಣ.

ಮೊದಲನೆಯದು ಬೇರೆ ಕಾರಣಗಳಿಗೆ ಜಾಗ ಬಿಡುತ್ತದೆ. ಮೂರನೆಯದು ಬಾಗಿಲು ಮುಚ್ಚುತ್ತದೆ. ನಡುವಿನದು ಏನನ್ನೂ ಹೇಳದಿದ್ದರೂ ಓದುಗ ಅದನ್ನು ಮೂರನೆಯದರಂತೆಯೇ ಓದುತ್ತಾನೆ. ಮೂಲದ ‘ಊ’ ಸಾರಾಂಶದಲ್ಲಿ ‘ಏ’ ಆಗಿರುವುದನ್ನು ನಾನು ಕಡಿಮೆಯೆಂದರೂ ವಾರಕ್ಕೊಮ್ಮೆ ಕಾಣುತ್ತೇನೆ.

ಪರೀಕ್ಷೆಗೆ ಹತ್ತು ನಿಮಿಷ ಬೇಕು. ಮೂಲದಲ್ಲಿ ‘ಕೆಲವು’, ‘ಹಲವು’, ‘ಹೆಚ್ಚಾಗಿ’, ‘ಬಹುಶಃ’, ‘ಮಾತ್ರ’, ‘ಕೂಡ’ ಬಂದಲ್ಲಿ, ‘ಬಹುದು’ ಬಂದಲ್ಲಿ, ‘ಎಂದು’ ಬಂದಲ್ಲಿ ಸುತ್ತ ಗೆರೆ ಹಾಕಿ. ಆಮೇಲೆ ನಿಮ್ಮ ಸಾರಾಂಶದ ಪ್ರತಿ ಹೇಳಿಕೆಗೂ ಮೂಲದಲ್ಲಿ ಆಧಾರ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿ. ಬೆರಳು ಇಟ್ಟ ಜಾಗದ ಸುತ್ತುಗೆರೆ ನಿಮ್ಮ ವಾಕ್ಯದಲ್ಲಿ ಯಾವುದಾದರೂ ರೂಪದಲ್ಲಿ ಉಳಿದಿದೆಯೇ? ಅದೇ ಪದ ಬೇಕೆಂದಿಲ್ಲ, ತೂಕ ಉಳಿಯಬೇಕು. ಬೆರಳಿಡಲು ಜಾಗವೇ ಸಿಗದ ಹೇಳಿಕೆ ನಿಮ್ಮದು, ಅದನ್ನು ತೆಗೆಯಿರಿ.

ಈಗ ನಾನೇ ಬರೆದ ಸಾರಾಂಶವನ್ನು ಇದೇ ಪರೀಕ್ಷೆಗೆ ಒಡ್ಡುತ್ತೇನೆ:

> ಸುರಂಗಗಳ ನೀರು ಇಳಿದದ್ದಕ್ಕೆ ಕಾರಣ ಹುಡುಕುವ ಮೊದಲು ಅವುಗಳ ಹರಿವನ್ನು ತಿಂಗಳಿಗೊಮ್ಮೆಯಾದರೂ ದಾಖಲಿಸಬೇಕು ಎಂಬುದು ಲೇಖಕರ ವಾದ. ಕಾಸರಗೋಡಿನ ಕೆಲವು ಸುರಂಗಗಳು ಬೇಸಿಗೆಯಲ್ಲಿ ಮೊದಲಿನಷ್ಟು ನೀರು ಕೊಡುತ್ತಿಲ್ಲ ಎಂಬ ಕೃಷಿಕರ ಅನುಭವವನ್ನು ಅವರು ಮುಂದಿಡುತ್ತಾರೆ. ಕೊಳವೆ ಬಾವಿ, ಮರಗಳ ನಾಶ, ಕಲ್ಲುಕೋರೆ ಇವು ಮೂರೂ ಕಾರಣವಾಗಿರಬಹುದು, ಆದರೆ ಅಳತೆಯಿಲ್ಲದೆ ಪ್ರತಿಯೊಂದರ ಪಾಲನ್ನು ನಿರ್ಧರಿಸಲಾಗದು ಎನ್ನುತ್ತಾರೆ.

ಮೊದಲ ವಾಕ್ಯದಲ್ಲಿ ‘ಇಳಿದದ್ದಕ್ಕೆ’ ಎಂದು ಬರೆದಿದ್ದೇನೆ, ಇಳಿದದ್ದು ನಿಜವೆಂದು ಒಪ್ಪಿಕೊಂಡ ಹಾಗೆ. ಮೂಲದಲ್ಲಿ ಅದು ಕೃಷಿಕರ ಮಾತು. ‘ನೀರು ಇಳಿದಿದೆ ಎಂಬ ದೂರಿಗೆ’ ಎಂದರೆ ಹತ್ತಿರವಾಯಿತು. ಮೂರನೆಯ ವಾಕ್ಯ ಇನ್ನೂ ಸೂಕ್ಷ್ಮ. ‘ಕಾರಣವಾಗಿರಬಹುದು’ ಎಂದು ಲೇಖಕರು ಹೇಳಿದ್ದು ಕೊಳವೆ ಬಾವಿಗಳ ಬಗ್ಗೆ. ಮರ, ಕಲ್ಲುಕೋರೆಗಳ ಬಗ್ಗೆ ಅವರು ಹೇಳಿದ್ದು ‘ಇದೇ ಅವಧಿಯಲ್ಲಿ’ ಎಂದಷ್ಟೇ. ‘ಯಾವುದರ ಪಾಲು ಎಷ್ಟು’ ಎಂಬ ಮಾತಿನಿಂದ ಅವನ್ನೂ ಕಾರಣವೆಂದು ಶಂಕಿಸುತ್ತಾರೆಂದು ಊಹಿಸಬಹುದು. ಆ ಊಹೆಯನ್ನು ಅವರ ಬಾಯಿಗೆ ಇಡಬೇಕಾಗಿಲ್ಲ. ತಿದ್ದಿದ ರೂಪ:

> ಕೊಳವೆ ಬಾವಿಗಳೂ ಒಂದು ಕಾರಣವಾಗಿರಬಹುದೆಂದು ಅವರು ಒಪ್ಪುತ್ತಾರೆ. ಆದರೆ ಅದೇ ಅವಧಿಯಲ್ಲಿ ಮರಗಳ ನಾಶವೂ ಕಲ್ಲುಕೋರೆಗಳೂ ಸೇರಿಕೊಂಡಿರುವುದರಿಂದ, ಅಳತೆಯ ದಾಖಲೆಯಿಲ್ಲದೆ ಯಾವುದರ ಪಾಲನ್ನೂ ನಿರ್ಧರಿಸಲಾಗದು ಎನ್ನುತ್ತಾರೆ.

ನಾಲ್ಕಾರು ಪದ ಹೆಚ್ಚಾದವು. ಸಾರಾಂಶದಲ್ಲಿ ಪದ ಉಳಿಸಬೇಕಾದದ್ದು ಉದಾಹರಣೆ, ವರ್ಣನೆ, ಪುನರುಕ್ತಿಗಳಲ್ಲಿ. ಸುರಂಗದ ನೀರು ಹೇಗೆ ಹರಿಯುತ್ತದೆ ಎಂಬ ಮೂರು ವಾಕ್ಯಗಳನ್ನು ನಾನು ಪೂರ್ತಿ ಬಿಟ್ಟೆ. ಕಾಸರಗೋಡಿನ ಓದುಗರಿಗೆ ಅದು ಬೇಡ. ಧಾರವಾಡದಲ್ಲೋ ಮೈಸೂರಿನಲ್ಲೋ ಓದುವವರಿಗೆ ಬರೆಯುತ್ತಿದ್ದರೆ ‘ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಪಡೆಯುವ ಸುರಂಗಗಳು’ ಎಂದು ಅರ್ಧ ವಾಕ್ಯ ಸೇರಿಸುತ್ತಿದ್ದೆ.

## ಲಕ್ಷಣ: ಲೇಖಕರ ಮಾತೆಲ್ಲಿ ಮುಗಿಯಿತು, ನಿಮ್ಮದೆಲ್ಲಿ ಶುರುವಾಯಿತು ತಿಳಿಯುವುದಿಲ್ಲ

‘ಸರಿಯಾಗಿಯೇ ಹೇಳಿದ್ದಾರೆ’, ‘ದುರದೃಷ್ಟವಶಾತ್’, ‘ಮನಮುಟ್ಟುವಂತೆ’ ಇಂಥ ಪದಗಳನ್ನು ಹುಡುಕಿ ತೆಗೆಯಿರಿ. ಅವು ವಿಮರ್ಶೆಗೆ ಸೇರಿದವು. ಲೇಖಕರ ಮಾತನ್ನು ವರದಿ ಮಾಡುವ ಕ್ರಿಯಾಪದಗಳಲ್ಲೂ ತೀರ್ಪು ಅಡಗಿರುತ್ತದೆ. ‘ತೋರಿಸಿಕೊಟ್ಟಿದ್ದಾರೆ’ ಎಂದರೆ ನೀವು ಒಪ್ಪಿದಿರಿ ಎಂದಾಯಿತು, ‘ಆರೋಪಿಸಿದ್ದಾರೆ’ ಎಂದರೆ ಸಂಶಯಪಟ್ಟಿರಿ ಎಂದಾಯಿತು. ‘ಹೇಳುತ್ತಾರೆ’, ‘ಅವರ ವಾದ’, ‘ಎನ್ನುತ್ತಾರೆ’ ಸಾಕು. ಒಂದೇ ಕ್ರಿಯಾಪದ ಮರಳಿ ಮರಳಿ ಬಂದರೆ ಕಿವಿಗೆ ಬೇಸರವಾದೀತು, ಅರ್ಥಕ್ಕೆ ಹಾನಿಯಿಲ್ಲ.

## ಲಕ್ಷಣ: ಮೂಲ ಮಲಯಾಳಂ ಅಥವಾ ಇಂಗ್ಲಿಷ್, ಸಾರಾಂಶ ಕನ್ನಡ, ಎಲ್ಲೋ ಸರಿಹೋಗುತ್ತಿಲ್ಲ

ಗಡಿನಾಡಿನಲ್ಲಿ ಇರುವ ನಮಗೆ ಇದು ದಿನನಿತ್ಯದ ಕೆಲಸ. ಇಲ್ಲಿ ಮೊದಲ ತಪ್ಪು ಭಾವನೆಯೆಂದರೆ ಭಾಷೆ ಬದಲಾದರೆ ನಕಲಲ್ಲ ಎನ್ನುವುದು. ವಾಕ್ಯಕ್ಕೆ ವಾಕ್ಯ ಕನ್ನಡಕ್ಕೆ ತಂದು ನಾಲ್ಕು ಬಿಟ್ಟರೆ ಅದು ಅರ್ಧ ಅನುವಾದ. ಹೋಲಿಕೆ ಹುಡುಕುವ ತಂತ್ರಾಂಶಕ್ಕೆ ಅದು ಹೆಚ್ಚಾಗಿ ಸಿಗುವುದಿಲ್ಲ ಎಂಬುದು ನೆಮ್ಮದಿಯ ಸಂಗತಿಯಲ್ಲ. ವಾಕ್ಯಗಳಿಗೆ ಅಂಕಿ ಹಾಕುವ ಪರೀಕ್ಷೆ ಇದನ್ನು ಹಿಡಿಯುತ್ತದೆ.

ಎರಡನೆಯದು ಪರಿಚಿತ ಮುಖದ ಅಪರಿಚಿತ ಪದಗಳು. ಮಲಯಾಳದ ‘ವ್ಯವಸಾಯಂ’ ಎಂದರೆ ಕೈಗಾರಿಕೆ. ನಮ್ಮ ವ್ಯವಸಾಯ ಬೇಸಾಯ. ಒಂದು ಲೇಖನದ ಅಷ್ಟೂ ವಾದವನ್ನು ಈ ಒಂದು ಪದ ತಲೆಕೆಳಗು ಮಾಡಬಲ್ಲದು. ‘ಅಪೇಕ್ಷ’ ಅರ್ಜಿ, ‘ಅವಸರಂ’ ಅವಕಾಶ, ‘ಅನುವಾದಂ’ ಅನುಮತಿ. ಇವೆಲ್ಲಕ್ಕಿಂತ ನನಗೆ ಹೆದರಿಕೆ ‘ಒರುಪಕ್ಷೇ’ ಎಂಬ ಪದದ್ದು. ಬರಿ ‘ಪಕ್ಷೇ’ ಎಂದರೆ ‘ಆದರೆ’. ‘ಒರುಪಕ್ಷೇ’ ಎಂದರೆ ‘ಬಹುಶಃ’. ನಮ್ಮ ಮಕ್ಕಳು ಅದನ್ನು ಕನ್ನಡದ ‘ಒಂದು ಪಕ್ಷ’ ಎಂದುಕೊಂಡು ‘ಒಂದು ವೇಳೆ’ ಎಂದು ಓದುತ್ತಾರೆ, ಇಲ್ಲವೇ ‘ಆದರೆ’ ಎಂದು ಓದುತ್ತಾರೆ. ಎರಡರಲ್ಲೂ ಲೇಖಕರ ಅನುಮಾನ ಕಳೆದುಹೋಗುತ್ತದೆ.

ಇಂಗ್ಲಿಷ್ ಸಂಶೋಧನ ಲೇಖನಗಳಲ್ಲಿ ಎರಡು ಸಂಗತಿಗಳು ಜೊತೆಜೊತೆಗೆ ಕಂಡುಬಂದಿವೆ ಎಂದಷ್ಟೇ ಹೇಳುವ ಒಂದು ರೂಢಿಯ ಮಾತಿದೆ, ‘ಅಸೋಸಿಯೇಟೆಡ್ ವಿತ್’ ಎಂದು. ಅದು ಕನ್ನಡಕ್ಕೆ ಬರುವಾಗ ‘ಕಾರಣ’ ಅಥವಾ ‘ಇಂದಾಗಿ’ ಆಗಿಬಿಡುತ್ತದೆ. ‘ಜೊತೆಗೆ ಕಂಡುಬಂದಿದೆ’ ಎಂದೇ ಬರೆಯಿರಿ. ಅನ್ಯಭಾಷೆಯ ಮೂಲವಿದ್ದರೆ ಬದಿಯ ಗುರುತುಗಳನ್ನು ಕನ್ನಡದಲ್ಲಿಯೇ ಮಾಡಿ, ಸಾರಾಂಶವನ್ನು ಆ ಗುರುತುಗಳಿಂದ ಬರೆದು, ಕೊನೆಗೆ ಮೂಲದೊಂದಿಗೆ ಹೋಲಿಸುವುದು ನನಗೆ ತಿಳಿದ ಒಳ್ಳೆಯ ಕ್ರಮ.

## ಎಚ್ಚರಿಕೆ: ಇಂಥದ್ದನ್ನು ಹ್ರಸ್ವಗೊಳಿಸಬೇಡಿ

ಸಾರಾಂಶ ಓದಿದವರು ಅದರಂತೆ ಕೈಯಾರೆ ಏನಾದರೂ ಮಾಡುವವರಿದ್ದರೆ ಸಣ್ಣ ತಪ್ಪೂ ಅಪಾಯ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದನ್ನೇ ನೋಡಿ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇಷ್ಟೇ ಬರೆದರೆ ಅಂಕಿಗಳೆಲ್ಲ ಸರಿ, ಸಾರಾಂಶ ಮಾತ್ರ ತಪ್ಪು. ಎರಡನ್ನೂ ಬೇರೆಬೇರೆಯಾಗಿ 50 ಲೀಟರ್ ನೀರಿನಲ್ಲಿ ಕರಗಿಸಬೇಕು, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು, ಕಬ್ಬಿಣದ ಪಾತ್ರೆ ಬಳಸಬಾರದು. ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿದಾಗ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದು ತಿಳಿಯಬೇಕು. ಇದರಲ್ಲಿ ಬಿಡಬಹುದಾದ ಸಾಲು ಯಾವುದೂ ಇಲ್ಲ. ಇಂಥ ಲೇಖನಕ್ಕೆ ‘ಬೋರ್ಡೋ ಮದ್ದು ತಯಾರಿಸುವ ಕ್ರಮವನ್ನು ವಿವರಿಸುತ್ತದೆ’ ಎಂದು ಒಂದೇ ವಾಕ್ಯ ಬರೆದು, ಕ್ರಮಕ್ಕಾಗಿ ಮೂಲವನ್ನೇ ನೋಡಲು ಹೇಳಿ. ಔಷಧದ ಪ್ರಮಾಣ, ಕಾನೂನಿನ ಷರತ್ತು, ಅರ್ಜಿಯ ಗಡುವು ಇವುಗಳಿಗೂ ಇದೇ ಮಾತು.

ಅಂಕಿಗಳಿದ್ದರೆ ಕೊನೆಗೊಮ್ಮೆ ಮೂಲವನ್ನು ತೆರೆದು ಒಂದೊಂದಾಗಿ ಸರಿನೋಡಿ. ಅಂಕಿ ಯಾವುದರದ್ದು ಎಂಬುದನ್ನೂ ನೋಡಿ. ‘ಶೇಕಡಾ ಇಷ್ಟು’ ಎಂದಿದ್ದರೆ ಯಾರ ಪೈಕಿ ಶೇಕಡಾ ಇಷ್ಟು?

## ಎಲ್ಲಿ ನಿಲ್ಲಿಸಿ ಬೇರೆಯವರನ್ನು ಕೇಳಬೇಕು

ಎರಡು ಬಾರಿ ಓದಿದ ಮೇಲೂ ಮೊದಲ ಪರೀಕ್ಷೆಯ ಎರಡು ವಾಕ್ಯ ಬಾರದಿದ್ದರೆ ಮೂರನೆಯ ಬಾರಿ ಒಬ್ಬರೇ ಓದಬೇಡಿ. ಆ ವಿಷಯ ತಿಳಿದವರ ಬಳಿ ಹೋಗಿ. ತೋಟದ ಬೆಳೆಯ ಲೇಖನವಾದರೆ ಕೃಷಿಭವನದ ಅಧಿಕಾರಿಗಳೋ ಅನುಭವಿ ಕೃಷಿಕರೋ ಒಂದು ಪದದ ಗಂಟನ್ನು ನಿಮಿಷದಲ್ಲಿ ಬಿಡಿಸಿಯಾರು. ಕೋಷ್ಟಕ, ನಕ್ಷೆಗಳು ಅರ್ಥವಾಗದಿದ್ದರೆ ಅವುಗಳ ಫಲಿತಾಂಶವನ್ನು ಊಹಿಸಿ ಬರೆಯಬೇಡಿ. ಲೇಖನದೊಳಗೇ ಎರಡು ಮಾತು ಒಂದಕ್ಕೊಂದು ಹೊಂದುತ್ತಿಲ್ಲ ಎಂದು ಕಂಡರೆ ನೀವೇ ಹೊಂದಿಸಲು ಹೋಗದೆ, ಹೊಂದುತ್ತಿಲ್ಲವೆಂದು ಅಡಿಯಲ್ಲಿ ಬೇರೆಯಾಗಿ ಬರೆಯಿರಿ. ಲೇಖನದ ಸಾರಲೇಖ ಮಾತ್ರ ಸಿಕ್ಕಿ ಪೂರ್ತಿ ಲೇಖನ ಸಿಗದಿದ್ದರೆ ಅದನ್ನು ಓದಿ ಲೇಖನದ ಸಾರಾಂಶ ಬರೆಯುವುದು ಸಲ್ಲದು. ‘ಸಾರಲೇಖದ ಪ್ರಕಾರ’ ಎಂದು ಸ್ಪಷ್ಟವಾಗಿ ಹೇಳಿ.

ಸಹಾಯ ಕೇಳಲು ಹೋಗುವಾಗ ಸಾರಾಂಶವನ್ನಷ್ಟೇ ಒಯ್ಯಬೇಡಿ. ಬದಿಯ ಗುರುತುಗಳೂ ಸುತ್ತುಗೆರೆಗಳೂ ಇರುವ ಮೂಲದ ಪ್ರತಿ, ಟಿಪ್ಪಣಿಯ ಪುಸ್ತಕ, ಸಾರಾಂಶ ಮೂರನ್ನೂ ಒಯ್ಯಿರಿ. ಸಾರಾಂಶ ಮಾತ್ರ ನೋಡಿದವರು ಕನ್ನಡವನ್ನು ತಿದ್ದಿಕೊಟ್ಟಾರು. ಕಳೆದುಹೋದ ‘ಬಹುದು’ ಸಿಗುವುದು ಮೂಲವನ್ನು ಪಕ್ಕದಲ್ಲಿಟ್ಟು ನೋಡಿದವರಿಗೆ ಮಾತ್ರ.